ಇಲ್ಲದ ಇಯರ್‌ಫೋನ್

ಇಯರ್‌ಫೋನ್ ಕಿತ್ತ ಮೇಲೂ ಕೆಲವು ಫೋನ್‌ಗಳ ಪರದೆಯ ತುದಿಯಲ್ಲಿ ಹೆಡ್‌ಫೋನ್ ಚಿಹ್ನೆ ಹಾಗೇ ಉಳಿದುಬಿಡುತ್ತದೆ. ವಿಡಿಯೊ ಓಡುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಕರೆ ಬಂದಾಗ ರಿಂಗ್ ಎಂದಿನಂತೆ ಜೋರಾಗಿ ಕೇಳುತ್ತದೆ. ಎತ್ತಿ ಕಿವಿಗಿಟ್ಟರೆ ಏನೂ ಕೇಳಿಸದು. ಕರೆಯ ಪರದೆಯಲ್ಲಿರುವ ಸ್ಪೀಕರ್ ಗುಂಡಿ ಒತ್ತಿದ ಕೂಡಲೇ ಅತ್ತಲಿನವರ ಮಾತು ಸ್ಪಷ್ಟವಾಗಿ ಬರುತ್ತದೆ. ಈ ಲಕ್ಷಣಗಳು ಒಟ್ಟಿಗೆ ಕಂಡರೆ ಸ್ಪೀಕರ್ ಕೆಟ್ಟಿಲ್ಲ ಎಂದೇ ತಿಳಿಯಬೇಕು. ಇಯರ್‌ಫೋನ್ ಸಿಕ್ಕಿಸಿದ್ದಾಗ ಹಾಡು, ವಿಡಿಯೊ, ಕರೆಯ ಮಾತು ಎಲ್ಲವೂ ಅದರ ಕಡೆಗೆ ಹೋಗುತ್ತವೆ. ಆದರೆ ರಿಂಗ್ ಮತ್ತು ಅಲಾರಂ ಯಾರಿಗೂ ಕೇಳದೆ ಹೋಗಬಾರದೆಂದು ಫೋನ್ ಅವನ್ನು ಸ್ಪೀಕರ್‌ನಲ್ಲೂ ನುಡಿಸುತ್ತದೆ. ರಿಂಗ್ ಕೇಳಿ ಹಾಡು ಕೇಳದಿದ್ದರೆ, ಇಲ್ಲದ ಇಯರ್‌ಫೋನ್ ಇದೆಯೆಂದು ಫೋನ್ ನಂಬಿ ಕೂತಿದೆ ಎಂದರ್ಥ.

ಹಾಗೆ ನಂಬುವುದಕ್ಕೆ ಕಾರಣ ಜ್ಯಾಕ್‌ನ ಒಳಗಿದೆ. 3.5 ಮಿಲಿಮೀಟರ್ ಜ್ಯಾಕ್ ಹೊರಗಿನಿಂದ ಬರೀ ರಂಧ್ರದಂತೆ ಕಂಡರೂ ಒಳಗಿನ ಗೋಡೆಗಳಲ್ಲಿ ತೆಳುವಾದ ಸ್ಪ್ರಿಂಗ್ ಪಟ್ಟಿಗಳಿರುತ್ತವೆ. ಮೈಕ್ ಇರುವ ಇಯರ್‌ಫೋನಿನ ಪಿನ್ನಿನ ಮೇಲೆ ಮೂರು ಕಪ್ಪು ಗೆರೆಗಳು ಕಾಣುತ್ತವೆ. ಅವು ಪಿನ್ನನ್ನು ನಾಲ್ಕು ಭಾಗ ಮಾಡುತ್ತವೆ. ತುದಿ ಎಡಗಿವಿಗೆ, ಅದರ ಹಿಂದಿನ ಉಂಗುರ ಬಲಗಿವಿಗೆ, ಉಳಿದೆರಡು ಗ್ರೌಂಡ್‌ಗೆ ಮತ್ತು ಮೈಕ್‌ಗೆ. ನಾಲ್ಕಕ್ಕೂ ಒಂದೊಂದು ಪಟ್ಟಿಯಿದೆ. ಇವುಗಳ ಜೊತೆಗೆ ಸದ್ದಿಗೆ ಸಂಬಂಧವೇ ಇಲ್ಲದ ಇನ್ನೊಂದು ಪಟ್ಟಿ ಇರುತ್ತದೆ. ಪಿನ್ ಒಳಗೆ ಬಂದಿದೆಯೋ ಇಲ್ಲವೋ ಎಂದು ತಿಳಿಸುವುದೊಂದೇ ಅದರ ಕೆಲಸ.

ಕೆಲವು ಜ್ಯಾಕ್‌ಗಳಲ್ಲಿ ಈ ಪಟ್ಟಿ ಎಡಗಿವಿಯ ಪಟ್ಟಿಗೆ ಸದಾ ತಾಗಿಕೊಂಡಿರುತ್ತದೆ. ಪಿನ್ ನುಗ್ಗಿದಾಗ ಎಡಗಿವಿಯ ಪಟ್ಟಿ ಪಕ್ಕಕ್ಕೆ ಸರಿದು ಇವೆರಡರ ನಂಟು ಕಡಿಯುತ್ತದೆ. ಇನ್ನು ಕೆಲವು ಜ್ಯಾಕ್‌ಗಳಲ್ಲಿ ಇದು ತಿರುವುಮುರುವು: ಎರಡೂ ಪಟ್ಟಿಗಳು ದೂರವಿರುತ್ತವೆ, ಪಿನ್ನಿನ ಲೋಹವೇ ಅವನ್ನು ಜೋಡಿಸುತ್ತದೆ. ಫೋನಿನ ಆಡಿಯೊ ಚಿಪ್ ಈ ಪಟ್ಟಿಗೆ ಒಂದು ಸಣ್ಣ ವೋಲ್ಟೇಜ್ ಕೊಟ್ಟು ಅದು ಏರಿತೋ ಇಳಿಯಿತೋ ಎಂದು ಕಾಯುತ್ತಿರುತ್ತದೆ. ಫ್ರಿಜ್‌ನ ದೀಪ ಹೇಗೆ ಬಾಗಿಲನ್ನು ನೋಡದೆ ಚೌಕಟ್ಟಿನ ಗುಂಡಿಯನ್ನಷ್ಟೇ ನಂಬುತ್ತದೋ ಹಾಗೆಯೇ ಫೋನ್ ಕೂಡ ಇಯರ್‌ಫೋನನ್ನು ನೋಡುವುದಿಲ್ಲ, ಈ ಪಟ್ಟಿಯ ಮಾತನ್ನು ನಂಬುತ್ತದೆ.

ಹಳೆಯ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲೂ ಇಂಥ ಪಟ್ಟಿ ಇತ್ತು. ಆದರೆ ಅಲ್ಲಿ ಸ್ಪೀಕರ್‌ಗೆ ಹೋಗುವ ವಿದ್ಯುತ್ತೇ ಅದರ ಮೂಲಕ ಹಾದುಹೋಗುತ್ತಿತ್ತು. ಪಿನ್ ಸಿಕ್ಕಿಸಿದರೆ ಸ್ಪೀಕರ್‌ನ ದಾರಿ ನೇರವಾಗಿ ಕಡಿಯುತ್ತಿತ್ತು. ಪಟ್ಟಿಗೆ ಕಿಲುಬು ಹಿಡಿದರೆ ರೇಡಿಯೊ ಪೂರ್ತಿ ಮೂಕವಾಗುತ್ತಿತ್ತು. ಫೋನಿನಲ್ಲಿ ಆ ಪಟ್ಟಿ ಸುದ್ದಿಯನ್ನಷ್ಟೇ ಕೊಡುತ್ತದೆ, ಸದ್ದನ್ನು ಎತ್ತ ಕಳಿಸಬೇಕೆಂದು ನಿರ್ಧರಿಸುವುದು ಸಾಫ್ಟ್‌ವೇರ್. ಸ್ಪೀಕರ್ ಗುಂಡಿ ಒತ್ತಿದರೆ ಕರೆ ಕೇಳಿಸುವುದು ಇದರಿಂದಲೇ.

ಜೇಬಿನ ಕಸ ಈ ಪಟ್ಟಿಯನ್ನು ದಾರಿ ತಪ್ಪಿಸುವುದು ಎರಡು ಬಗೆಯಲ್ಲಿ. ಜೀನ್ಸ್ ಜೇಬಿನಲ್ಲಿ ಉದುರುವ ಹತ್ತಿಯ ನಾರು ರಂಧ್ರದೊಳಗೆ ಸೇರುತ್ತದೆ. ಪ್ರತಿ ಸಲ ಪಿನ್ ಸಿಕ್ಕಿಸಿದಾಗ ಅದು ತಳಕ್ಕೆ ತಳ್ಳಲ್ಪಟ್ಟು ಅಲ್ಲೇ ಗಟ್ಟಿಯಾಗುತ್ತದೆ. ಒಣಗಿದ ನಾರು ವಿದ್ಯುತ್ ಹರಿಸುವುದಿಲ್ಲ. ಸದಾ ತಾಗಿಕೊಂಡಿರಬೇಕಾದ ಎರಡು ಪಟ್ಟಿಗಳ ನಡುವೆ ಅದರ ಒಂದೆಳೆ ಸಿಕ್ಕಿದರೂ ನಂಟು ಕಡಿದು, ಪಿನ್ ಬಂದಿದೆ ಎಂಬ ಸುಳ್ಳು ಸುದ್ದಿ ಚಿಪ್‌ಗೆ ತಲುಪುತ್ತದೆ. ಎರಡನೆಯ ಬಗೆಯ ಜ್ಯಾಕ್‌ನಲ್ಲಿ ಒಣ ನಾರಿನಿಂದ ಈ ತೊಂದರೆ ಇಲ್ಲ, ಒದ್ದೆ ನಾರಿನಿಂದ ಇದೆ. ಬೆವರು ಅಥವಾ ಮಳೆನೀರು ಕುಡಿದ ನಾರು ಉಪ್ಪಿನಂಶದಿಂದಾಗಿ ಅಲ್ಪಸ್ವಲ್ಪ ವಿದ್ಯುತ್ ಹರಿಸುತ್ತದೆ. ದೂರವಿರಬೇಕಾದ ಪಟ್ಟಿಗಳನ್ನು ಅದು ಜೋಡಿಸಿಬಿಡುತ್ತದೆ. ಜಡಿಮಳೆಯಲ್ಲಿ ನೆನೆದ ಫೋನಿನಲ್ಲಿ ಸಂಜೆ ಚಿಹ್ನೆ ಕಾಣಿಸಿಕೊಂಡು ಮರುದಿನ ತಾನಾಗಿ ಮಾಯವಾದರೆ, ಕಾರಣ ತೇವವೇ ಇರಬಹುದು. ಆ ಒದ್ದೆ ನಾರು ಮೈಕ್‌ನ ಪಟ್ಟಿಯನ್ನೂ ಗ್ರೌಂಡ್‌ಗೆ ಮುಟ್ಟಿಸಿದರೆ ಹಾಡು ತಾನಾಗಿ ನಿಲ್ಲುವುದು, ಮತ್ತೆ ಶುರುವಾಗುವುದು, ಸದ್ದು ಏರಿಳಿಯುವುದು ಕಾಣುತ್ತದೆ. ಇಯರ್‌ಫೋನ್ ತಂತಿಯ ಮೇಲಿನ ಗುಂಡಿ ಮಾಡುವುದೂ ಅದನ್ನೇ, ಮೈಕ್ ತಂತಿಯನ್ನು ಗ್ರೌಂಡ್‌ಗೆ ಸೇರಿಸುವುದು. ಯಾರೋ ಗುಂಡಿ ಒತ್ತಿದರೆಂದು ಫೋನ್ ತಿಳಿಯುತ್ತದೆ.

ರಂಧ್ರಕ್ಕೆ ಕೈಹಾಕುವ ಮೊದಲು ಎರಡು ಸಂಗತಿ ನೋಡಿಕೊಳ್ಳಬೇಕು. ಮೊದಲನೆಯದು ಬ್ಲೂಟೂತ್. ಪಕ್ಕದ ಕೋಣೆಯ ಸ್ಪೀಕರ್‌ಗೋ ಹೊರಗೆ ನಿಂತ ಕಾರಿಗೋ ಫೋನ್ ಸೇರಿಕೊಂಡಿದ್ದರೂ ಸದ್ದು ಹೀಗೆಯೇ ಮಾಯವಾಗುತ್ತದೆ. ಬ್ಲೂಟೂತ್ ಆರಿಸಿದರೆ ಗೊತ್ತಾಗುತ್ತದೆ. ಎರಡನೆಯದಾಗಿ, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು. ಸಾಫ್ಟ್‌ವೇರ್ ತಪ್ಪು ನೆನಪಿನಲ್ಲಿ ಸಿಕ್ಕಿಕೊಂಡಿದ್ದರೆ ಅದು ಸರಿಹೋಗುತ್ತದೆ. ಆನ್ ಆದ ಕೂಡಲೇ ಚಿಹ್ನೆ ಮತ್ತೆ ಬಂದರೆ ತಪ್ಪು ಪಟ್ಟಿಯದು.

ಜ್ಯಾಕ್ ಕೆಳ ಅಂಚಿನಲ್ಲಿರುವ, ಎರಡು ಮೂರು ವರ್ಷ ಜೀನ್ಸ್ ಜೇಬಿನಲ್ಲೇ ಓಡಾಡಿದ ಒಂದು ಫೋನನ್ನು ಎದುರಿಗಿಟ್ಟುಕೊಂಡು ನೋಡಬಹುದು. ಅದಕ್ಕೆ ಇಯರ್‌ಫೋನ್ ಸಿಕ್ಕಿಸಿದರೆ ಮೊದಲಿನಂತೆ ‘ಟಕ್’ ಎನ್ನುವುದಿಲ್ಲ, ಪಿನ್ನಿನ ಲೋಹ ಸ್ವಲ್ಪ ಹೊರಗೆ ಕಾಣುತ್ತದೆ. ಪಿನ್ನಿನ ಉದ್ದ ಸುಮಾರು 14 ಮಿಲಿಮೀಟರ್. ಒಂದು ಮರದ ಟೂತ್‌ಪಿಕ್‌ನ ತುದಿಯಿಂದ 14 ಮಿಲಿಮೀಟರ್ ಅಳೆದು ಪೆನ್ನಿನಿಂದ ಗುರುತು ಹಾಕಬೇಕು. ಫೋನ್ ಆಫ್ ಮಾಡಿ ಟೂತ್‌ಪಿಕ್ಕನ್ನು ರಂಧ್ರದೊಳಗೆ ಒತ್ತದೆ ಬಿಟ್ಟರೆ, ಖಾಲಿ ಜ್ಯಾಕ್‌ನಲ್ಲಿ ಗುರುತು ಅಂಚಿಗೆ ಬರುತ್ತದೆ. ಈ ಫೋನಿನಲ್ಲಿ ಗುರುತು ಅಂಚಿನಿಂದ ಎರಡು ಮಿಲಿಮೀಟರ್ ಮೇಲೆಯೇ ನಿಂತರೆ, ತಳದಲ್ಲಿ ಅಷ್ಟು ದಪ್ಪದ ಕಸ ಕೂತಿದೆ. ಟಾರ್ಚ್ ಬಿಟ್ಟು ನೋಡಿದರೆ ಅದು ಬೂದುಬಣ್ಣದ ತಳವಾಗಿ ಕಾಣುವುದರಿಂದ ಜ್ಯಾಕ್‌ನ ತಳವೇ ಹಾಗಿದೆ ಎಂದು ಮೋಸಹೋಗುವುದು ಸುಲಭ.

ತೆಗೆಯುವಾಗ ಫೋನಿನ ರಂಧ್ರ ನೆಲದ ಕಡೆಗಿರಲಿ, ಸಡಿಲವಾದದ್ದು ತಾನಾಗಿ ಉದುರುತ್ತದೆ. ಟೂತ್‌ಪಿಕ್ಕನ್ನು ನೇರವಾಗಿ ಚುಚ್ಚಬಾರದು, ಚುಚ್ಚಿದಷ್ಟೂ ಕಸ ಗಟ್ಟಿಯಾಗುತ್ತದೆ. ಬೆಳಕಿನಲ್ಲಿ ಹೊಳೆಯುವ ಪಟ್ಟಿಗಳು ಯಾವ ಗೋಡೆಯಲ್ಲಿವೆ ಎಂದು ನೋಡಿಕೊಂಡು, ಅವಿಲ್ಲದ ಕಡೆಯಿಂದ ತುದಿಯನ್ನು ತಳದವರೆಗೆ ಇಳಿಸಿ, ಕಸದ ಅಂಚಿಗೆ ಸಿಕ್ಕಿಸಿ, ಬೆರಳುಗಳ ನಡುವೆ ಮೆಲ್ಲಗೆ ತಿರುಗಿಸುತ್ತಾ ಹೊರಗೆಳೆಯಬೇಕು. ನಾರು ತುದಿಗೆ ಸುತ್ತಿಕೊಂಡು ಬರುತ್ತದೆ. ಮೊದಲು ಪುಡಿಪುಡಿಯಾಗಿ ಬಂದು, ಆಮೇಲೆ ಬಿಲ್ಲೆಯಾಗಿ ಕೂತದ್ದು ಒಮ್ಮೆಗೇ ಕಳಚುವುದುಂಟು. ಗುರುತು ಅಂಚಿಗೆ ಇಳಿಯುವವರೆಗೆ ತಾಳ್ಮೆಯಿಂದ ಮಾಡಬೇಕು. ಟೂತ್‌ಪಿಕ್ ಮೆತ್ತಗಾದರೆ ಬದಲಿಸುವುದು ಒಳ್ಳೆಯದು. ತುದಿ ಒಳಗೆ ಮುರಿದರೆ ಕಸಕ್ಕಿಂತ ದೊಡ್ಡ ತಲೆನೋವು.

ಸೂಜಿ, ಗುಂಡುಪಿನ್ನು, ಸಿಮ್ ತೆಗೆಯುವ ಪಿನ್ನು ಕೈಗೆ ಬೇಗ ಸಿಗುತ್ತವೆ, ಆದರೆ ಅವು ಬೇಡವೇ ಬೇಡ. ಪಟ್ಟಿಗಳು ತೆಳುವಾಗಿದ್ದು ಅವುಗಳ ಬಾಗು ಲೆಕ್ಕಾಚಾರದ್ದು. ಲೋಹದ ಮೊನೆ ತಾಗಿ ಒಂದು ಪಟ್ಟಿ ಬಾಗಿದರೆ ಕಸದಿಂದ ಬಂದ ತಾತ್ಕಾಲಿಕ ದೋಷ ಕಾಯಂ ಆಗುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯ ತಲೆ 3.5 ಮಿಲಿಮೀಟರ್ ರಂಧ್ರಕ್ಕೆ ದಪ್ಪವಾಗುತ್ತದೆ, ತುರುಕಿದರೆ ಹತ್ತಿಯನ್ನೇ ಒಳಗೆ ಬಿಟ್ಟು ಬರುತ್ತದೆ. ಬಾಯಿಯಿಂದ ಊದುವುದರಿಂದ ಉಸಿರಿನ ತೇವ ಒಳಗೆ ಸೇರುತ್ತದೆ. ಒತ್ತಡದ ಗಾಳಿಯ ಡಬ್ಬಿ ಇದ್ದರೆ ಅದನ್ನು ನೆಟ್ಟಗೆ ಹಿಡಿದು ಚಿಕ್ಕ ಚಿಕ್ಕ ಸಲ ಬಿಡಬಹುದು. ಓರೆ ಮಾಡಿದರೆ ತಣ್ಣನೆಯ ದ್ರವವೇ ಹೊರಗೆ ಬರುತ್ತದೆ.

ಕಸ ಹೋದ ಮೇಲೆ ಇಯರ್‌ಫೋನ್ ಪಿನ್ನನ್ನು ಹತ್ತಾರು ಸಲ ಸಿಕ್ಕಿಸಿ ತೆಗೆಯಬೇಕು. ಪಿನ್ ಪಟ್ಟಿಗಳ ಮೇಲೆ ಉಜ್ಜುತ್ತಾ ಹೋಗುವುದರಿಂದ ತೆಳುವಾದ ಕೊಳೆಯ ಪದರ ಕೀಳುತ್ತದೆ. ಸಿಕ್ಕಿಕೊಂಡ ಪಟ್ಟಿ ಸ್ವಸ್ಥಾನಕ್ಕೆ ಮರಳುವುದೂ ಇದರಿಂದಲೇ. ಆಗಲೂ ಚಿಹ್ನೆ ಬಿಡದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಬಹುದು, ಶೇ. 99ರದ್ದು ಸಿಕ್ಕರೆ ಒಳ್ಳೆಯದು. ಹಲ್ಲುಸಂದಿ ತಿಕ್ಕುವ ಪುಟ್ಟ ನೈಲಾನ್ ಬ್ರಷ್ಷಿಗೆ ಒಂದು ಹನಿ ಹಾಕಿ, ಹೆಚ್ಚಿನದನ್ನು ಒರೆಸಿ, ಒಳಗೆ ಎರಡು ಸುತ್ತು ತಿರುಗಿಸಿ ತೆಗೆದರೆ ಸಾಕು. ಆಲ್ಕೋಹಾಲ್ ಉಪ್ಪು ಸೇರಿದ ಜಿಡ್ಡನ್ನು ಸಡಿಲಿಸಿ ಬೇಗ ಆರಿಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಫೋನ್ ಆನ್ ಮಾಡಬೇಕು. ಗಾಯಕ್ಕೆ ಹಚ್ಚುವ ಸ್ಪಿರಿಟ್‌ನಲ್ಲಿ ನೀರಿನ ಪಾಲು ಹೆಚ್ಚು, ಅದು ಇಲ್ಲಿ ಸಲ್ಲದು. ಒದ್ದೆಯಾದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ರಂಧ್ರಕ್ಕೆ ಅಕ್ಕಿಯ ಧೂಳು ಸೇರುತ್ತದೆಯೇ ಹೊರತು ಹೆಚ್ಚಿನ ಲಾಭವಿಲ್ಲ. ರಂಧ್ರ ಕೆಳಮುಖವಾಗಿಟ್ಟು ಫ್ಯಾನಿನ ಗಾಳಿಗೆ ಬಿಡುವುದೇ ಮೇಲು.

ದುಂಡು ಜ್ಯಾಕ್ ಇಲ್ಲದ ಫೋನ್‌ಗಳಲ್ಲಿ ಇದೇ ಕಾಟ ಟೈಪ್-ಸಿ ಪೋರ್ಟ್‌ಗೆ ಬರುತ್ತದೆ. ಅಲ್ಲಿ ಸ್ಪ್ರಿಂಗ್ ಸ್ವಿಚ್ ಇಲ್ಲ. ಸಿಸಿ ಎಂಬ ಎರಡು ಸಂಪರ್ಕಗಳಲ್ಲಿ ಎಷ್ಟು ರೋಧವಿದೆ ಎಂದು ಅಳೆದು, ಬಂದದ್ದು ಚಾರ್ಜರೋ ಇಯರ್‌ಫೋನೋ ಎಂದು ಫೋನ್ ನಿರ್ಧರಿಸುತ್ತದೆ. ಅನಲಾಗ್ ಇಯರ್‌ಫೋನ್ ಅಡಾಪ್ಟರ್‌ಗಳು ಆ ಎರಡನ್ನೂ ಕಡಿಮೆ ರೋಧದ ಮೂಲಕ ಗ್ರೌಂಡ್‌ಗೆ ಇಳಿಸುತ್ತವೆ. ಅಂಥ ಅಡಾಪ್ಟರ್‌ಗಳಿಗೆ ಹೊಂದುವ ಫೋನಿನಲ್ಲಿ ಒದ್ದೆ ಕಸವೂ ಅದೇ ಕೆಲಸ ಮಾಡಬಲ್ಲದು. ಕೇಬಲ್ ಪೂರ್ತಿ ಕೂರದಿರುವುದು, ಓರೆ ಹಿಡಿದರಷ್ಟೇ ಚಾರ್ಜ್ ಆಗುವುದು ಕಸದ ಗುರುತು. ಈ ಪೋರ್ಟ್‌ನ ನಡುವೆ ಸುಮಾರು 0.7 ಮಿಲಿಮೀಟರ್ ದಪ್ಪದ ನಾಲಿಗೆಯಿದ್ದು ಎಲ್ಲ ಸಂಪರ್ಕಗಳೂ ಅದರ ಮೇಲಿವೆ. ನಾಲಿಗೆಗೂ ಗೋಡೆಗೂ ನಡುವಿನ ಸಂದಿ ಒಂದು ಮಿಲಿಮೀಟರ್‌ಗೂ ಕಡಿಮೆ. ಎರಡು ಮಿಲಿಮೀಟರ್ ದಪ್ಪದ ಟೂತ್‌ಪಿಕ್ ಹಾಗೇ ಹೋಗುವುದಿಲ್ಲ, ಬ್ಲೇಡಿನಿಂದ ಚಪ್ಪಟೆಯಾಗಿ ಹೆರೆದುಕೊಳ್ಳಬೇಕು. ಗೋಡೆಗೆ ಒತ್ತಿ ಮೂಲೆಯಿಂದ ಮೂಲೆಗೆ ಗೋರಬೇಕು, ನಾಲಿಗೆಗೆ ಸನ್ನೆಗೋಲಿನಂತೆ ಭಾರ ಹಾಕಬಾರದು. ನಾಲಿಗೆ ಮುರಿದರೆ ಚಾರ್ಜಿಂಗ್ ಕೂಡ ಹೋಯಿತು.

ತಳ ಸ್ವಚ್ಛವಾಗಿ, ಟೂತ್‌ಪಿಕ್ ಗುರುತಿನವರೆಗೆ ಇಳಿದು, ಪಿನ್ ‘ಟಕ್’ ಎಂದು ಕೂತರೂ ಚಿಹ್ನೆ ಉಳಿದರೆ ಪಟ್ಟಿ ಬಿಗಿ ಕಳೆದುಕೊಂಡಿದೆ, ಇಲ್ಲವೇ ಹಸಿರು ಕಿಲುಬು ಹಿಡಿದಿದೆ. ಅದಕ್ಕೆ ಹೊರಗಿನಿಂದ ಮದ್ದಿಲ್ಲ. ಸದ್ದನ್ನು ಬಲವಂತವಾಗಿ ಸ್ಪೀಕರ್‌ಗೆ ತಿರುಗಿಸುವ ಆ್ಯಪ್‌ಗಳು ರಿಪೇರಿ ಆಗುವವರೆಗೆ ಕೆಲಸ ನಡೆಸುತ್ತವೆ. ಬಹಳಷ್ಟು ಫೋನ್‌ಗಳಲ್ಲಿ ಜ್ಯಾಕ್ ಮುಖ್ಯ ಬೋರ್ಡಿನ ಮೇಲಿರದೆ ಬೇರೆ ಸಣ್ಣ ಬೋರ್ಡಿನ ಮೇಲೋ ಪಟ್ಟಿ ಕೇಬಲ್ಲಿನ ತುದಿಯಲ್ಲೋ ಇರುತ್ತದೆ, ರಿಪೇರಿಯವರು ಆ ಭಾಗವನ್ನಷ್ಟೇ ಬದಲಿಸಬಲ್ಲರು. ಅಂಗಡಿಯಲ್ಲಿ ಸ್ಪೀಕರ್ ಹೋಗಿದೆ ಎನ್ನುವ ಬದಲು ಹೆಡ್‌ಫೋನ್ ಚಿಹ್ನೆ ಹೋಗುತ್ತಿಲ್ಲ, ರಿಂಗ್ ಕೇಳುತ್ತದೆ, ಜ್ಯಾಕ್ ಸ್ವಚ್ಛ ಮಾಡಿ ಆಗಿದೆ ಎಂದು ಹೇಳಿದರೆ ಬೇಡದ ಸ್ಪೀಕರ್ ಬದಲಾವಣೆಯ ಖರ್ಚು ಉಳಿಯುತ್ತದೆ.