ಗಲ್ಲಾ ಪಕ್ಕದ ರೂಟರ್: ಗಿರಾಕಿಗಳ ವೈಫೈ ಬೇರೆಯಾಗುವುದು ಹೇಗೆ

ಬಿಲ್ ಮುದ್ರಿಸುವ ಥರ್ಮಲ್ ಪ್ರಿಂಟರಿನ ಹಿಂಬದಿಯಲ್ಲಿ, ಹಳೆಯ ಟೆಲಿಫೋನ್ ಕಿಂಡಿಯಂಥದೇ ಒಂದು ಸಣ್ಣ ಕಿಂಡಿ ಇರುತ್ತದೆ. ಗಲ್ಲಾಪೆಟ್ಟಿಗೆಯ ತಂತಿ ಬಂದು ಸೇರುವುದು ಅಲ್ಲಿಗೆ. ಬಿಲ್ ಮುಗಿದ ಕೂಡಲೇ ಗಲ್ಲಾ ಟಕ್ಕೆಂದು ತೆರೆದುಕೊಳ್ಳುತ್ತದಲ್ಲ, ಅದಕ್ಕೆ ಕಾರಣ ಕಂಪ್ಯೂಟರು ಪ್ರಿಂಟರಿಗೆ ಕಳಿಸುವ ಕೆಲವೇ ಬೈಟುಗಳ ಒಂದು ಸೂಚನೆ. ಪ್ರಿಂಟರನ್ನು ನೆಟ್‌ವರ್ಕಿಗೆ ಜೋಡಿಸಿದ್ದರೆ ಅದು ಸಾಮಾನ್ಯವಾಗಿ 9100ನೇ ಪೋರ್ಟಿನಲ್ಲಿ ಕಾದಿರುತ್ತದೆ. ಅಲ್ಲಿಗೆ ಬಂದದ್ದನ್ನೆಲ್ಲ ಅದು ಪಾಲಿಸುತ್ತದೆ. ಕಳಿಸಿದವರು ಯಾರೆಂದು ವಿಚಾರಿಸುವ ಏರ್ಪಾಡು ಬಹುತೇಕ ಪ್ರಿಂಟರುಗಳಲ್ಲಿ ಇಲ್ಲ. ಅಂದರೆ ಅದೇ ನೆಟ್‌ವರ್ಕಿನಲ್ಲಿರುವ ಯಾವ ಮೊಬೈಲಿನಿಂದಾದರೂ ಗಲ್ಲಾ ತೆರೆಸಬಹುದು.

ನಾಲ್ಕು ಮೇಜು ಹಾಕಿರುವ ಒಂದು ಬೇಕರಿಯನ್ನು ಎತ್ತಿಕೊಳ್ಳೋಣ. ಫೈಬರ್ ಕಂಪನಿಯವರು ಕೊಟ್ಟ ಒಂದು ರೂಟರ್ ಇದೆ. ಬಿಲ್ಲಿಂಗ್ ಕಂಪ್ಯೂಟರಿನ ವಿಳಾಸ 192.168.1.10, ಪ್ರಿಂಟರಿನದು 192.168.1.20. ಸಿಸಿಟಿವಿಯ ಡಿವಿಆರ್ ಕೂಡ ಅದೇ ರೂಟರಿಗೆ ಸೇರಿದೆ. ಪಫ್ಸು ತಿನ್ನುತ್ತಾ ಕೂತವರು ವೈಫೈ ಪಾಸ್‌ವರ್ಡ್ ಕೇಳುತ್ತಾರೆ, ಮಾಲೀಕರು ಹೇಳುತ್ತಾರೆ. ಆ ಫೋನಿಗೆ 192.168.1.57 ಸಿಗುತ್ತದೆ. ಈಗ ಫೋನು, ಪ್ರಿಂಟರು, ಕಂಪ್ಯೂಟರು ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿವೆ. ಇಂಥ ಉಪಕರಣಗಳು ತಮ್ಮತಮ್ಮಲ್ಲೇ ನೇರವಾಗಿ ಮಾತಾಡಿಕೊಳ್ಳುತ್ತವೆ. ರೂಟರಿನ ಫೈರ್‌ವಾಲ್ ತಪಾಸಣೆ ಮಾಡುವುದು ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾಟುವ ಪ್ಯಾಕೆಟ್ಟುಗಳನ್ನು. ಒಳಗೊಳಗೇ ಓಡಾಡುವುವು ಅದರ ಕಣ್ಣಿಗೇ ಬೀಳುವುದಿಲ್ಲ.

ಇದಕ್ಕೆ ಪರಿಹಾರವೆಂದು ಹಲವರು ಮೊದಲು ಹಾಕಿಸುವುದು ಲಾಗಿನ್ ಪುಟ. ವೈಫೈಗೆ ಸೇರಿದೊಡನೆ ಅಂಗಡಿಯ ಹೆಸರಿನ ಪುಟ ಮೂಡಿ, ನಂಬರ್ ಕೇಳಿ, ಆಮೇಲೆ ಬಿಡುವ ವ್ಯವಸ್ಥೆ. ಆ ಪುಟ ಮೂಡುವ ಬಗೆ ಸ್ವಾರಸ್ಯಕರವಾಗಿದೆ. ಆಂಡ್ರಾಯ್ಡ್ ಫೋನು ಹೊಸ ವೈಫೈಗೆ ಸೇರಿದಾಗ ನಮಗೆ ಕಾಣದಂತೆ `http://connectivitycheck.gstatic.com/generate_204` ಎಂಬ ವಿಳಾಸವನ್ನು ಕೇಳಿ ನೋಡುತ್ತದೆ. ಅದಕ್ಕೆ 204 ಎಂಬ ಸಂಖ್ಯೆಯ ಖಾಲಿ ಉತ್ತರ ಬಂದರೆ ಇಂಟರ್‌ನೆಟ್ ಇದೆ ಎಂದು ಲೆಕ್ಕ. ಲಾಗಿನ್ ವ್ಯವಸ್ಥೆ ಇರುವ ರೂಟರ್ ಈ ಪ್ರಶ್ನೆಯನ್ನು ನಡುವೆಯೇ ಹಿಡಿದು ತನ್ನ ಪುಟದ ಕಡೆಗೆ ತಿರುಗಿಸುತ್ತದೆ. 204ರ ಬದಲು ಬೇರೇನೋ ಬಂತಲ್ಲ ಎಂದು ಫೋನಿಗೆ ಗೊತ್ತಾಗಿ, ‘ನೆಟ್‌ವರ್ಕಿಗೆ ಸೈನ್ ಇನ್ ಆಗಿ’ ಎಂಬ ಸೂಚನೆ ತೋರಿಸುತ್ತದೆ. ಆ ವಿಳಾಸ `https` ಆಗಿರದೆ ಬರೀ `http` ಆಗಿರುವುದು ಬೇಕೆಂದೇ. ಗೂಢಲಿಪಿಯ ಸಂಪರ್ಕವನ್ನು ನಡುವೆ ತಿರುಗಿಸಲು ಹೋದರೆ ಪುಟದ ಬದಲು ಪ್ರಮಾಣಪತ್ರದ ಎಚ್ಚರಿಕೆ ಬರುತ್ತದೆ.

ಈ ತಡೆ ಎಲ್ಲಿ ನಡೆಯಿತು ಎಂಬುದನ್ನು ಗಮನಿಸಬೇಕು. ಅದು ನಡೆದದ್ದು ಇಂಟರ್‌ನೆಟ್ಟಿಗೆ ಹೋಗುವ ಬಾಗಿಲಲ್ಲಿ. ಅದೇ ನೆಟ್‌ವರ್ಕಿನಲ್ಲಿರುವ ಪ್ರಿಂಟರಿನ ಕಡೆಗೆ ಹೊರಟ ಪ್ಯಾಕೆಟ್ಟು ಆ ಬಾಗಿಲಿಗೆ ಬರುವುದೇ ಇಲ್ಲ. ಆದ್ದರಿಂದ ಹಳೆಯ ಒಂದೇ ನೆಟ್‌ವರ್ಕಿನ ಮೇಲೆ ಲಾಗಿನ್ ಪುಟವನ್ನಷ್ಟೇ ಕೂರಿಸಿದರೆ, ಲಾಗಿನ್ ಆಗದವರಿಗೆ ಯೂಟ್ಯೂಬ್ ಸಿಗುವುದಿಲ್ಲ, ಬಿಲ್ಲಿಂಗ್ ಕಂಪ್ಯೂಟರ್ ಮಾತ್ರ ಸಿಗುತ್ತದೆ. ಮೊದಲು ನೆಟ್‌ವರ್ಕನ್ನು ಎರಡು ಮಾಡಬೇಕು, ಪುಟದ ಯೋಚನೆ ಆಮೇಲಿನದು.

ಎರಡು ಮಾಡಲು ಅಗ್ಗದ ದಾರಿಯೆಂದು ಮನೆಯಲ್ಲಿ ಬಿದ್ದಿರುವ ಹಳೆಯ ರೂಟರನ್ನು ತಂದು, ಅದರ ವ್ಯಾನ್ ಕಿಂಡಿಯನ್ನು ಮೊದಲ ರೂಟರಿಗೆ ಜೋಡಿಸಿ, ಅದರ ವೈಫೈಯನ್ನು ಗಿರಾಕಿಗಳಿಗೆ ಬಿಡುವುದುಂಟು. ಗಿರಾಕಿಯ ಫೋನಿಗೆ ಈಗ 192.168.0.105ರಂಥ ಬೇರೆಯೇ ಸರಣಿಯ ವಿಳಾಸ ಸಿಗುತ್ತದೆ, ಬೇರೆಯಾಯಿತು ಎಂದು ಸಮಾಧಾನವೂ ಆಗುತ್ತದೆ. ಆದರೆ ಫೋನು 192.168.1.20ಕ್ಕೆ ಒಂದು ಪ್ಯಾಕೆಟ್ ಕಳಿಸಲಿ. ಎರಡನೇ ರೂಟರ್ ಅದನ್ನು ನೋಡಿ, ಇದು ನನ್ನ ಒಳಗಿನ ವಿಳಾಸವಲ್ಲ ಎಂದು ಹೊರಗೆ ದಾಟಿಸುತ್ತದೆ. ಅದರ ಪಾಲಿಗೆ ಹೊರಗು ಎಂದರೆ ನಮ್ಮ ಬಿಲ್ಲಿಂಗ್ ನೆಟ್‌ವರ್ಕೇ. ಪ್ಯಾಕೆಟ್ಟು ನೆಟ್ಟಗೆ ಪ್ರಿಂಟರಿಗೆ ತಲಪುತ್ತದೆ.

ಅವೇ ಎರಡು ರೂಟರುಗಳನ್ನು ಅದಲುಬದಲು ಮಾಡಿದರೆ ಚಿತ್ರ ಬದಲಾಗುತ್ತದೆ. ಗಿರಾಕಿಗಳು ಮೊದಲ ರೂಟರಿನಲ್ಲಿರಲಿ. ಕಂಪ್ಯೂಟರು, ಪ್ರಿಂಟರು, ಡಿವಿಆರ್ ಎರಡನೆಯದರ ಹಿಂದೆ ಹೋಗಲಿ. ಒಳಗಿನವರು ತಾವಾಗಿ ಶುರುಮಾಡಿದ ಮಾತಿನ ಉತ್ತರವನ್ನು ಮಾತ್ರ ರೂಟರ್ ಒಳಗೆ ಬಿಡುತ್ತದೆ, ಹೊರಗಿನಿಂದ ಹೊಸದಾಗಿ ಬಂದದ್ದನ್ನು ಕೈಬಿಡುತ್ತದೆ. ಇದಕ್ಕೂ ಮಿತಿಯಿದೆ: ಬಿಲ್ಲಿಂಗಿನ ಇಂಟರ್‌ನೆಟ್ ಸಂಚಾರ ಗಿರಾಕಿಗಳ ನೆಟ್‌ವರ್ಕನ್ನು ಹಾದೇ ಹೋಗಬೇಕು, ಮೊದಲ ರೂಟರಿನ ಅಡ್ಮಿನ್ ಪುಟವೂ ಅವರ ಕೈಗೆಟಕುವಂತಿರುತ್ತದೆ. ಅದರ ಪಾಸ್‌ವರ್ಡನ್ನು ಬದಲಿಸದೆ ಬಿಡುವಂತಿಲ್ಲ.

ಇದಕ್ಕಿಂತ ನೇರವಾದದ್ದು ಗೆಸ್ಟ್ ನೆಟ್‌ವರ್ಕ್ ಸೌಲಭ್ಯ ಇರುವ ಒಂದೇ ರೂಟರ್. ಅದು ಎರಡು ವೈಫೈ ಹೆಸರು, ಎರಡು ವಿಳಾಸ ಸರಣಿ ಕೊಟ್ಟು, ಗೆಸ್ಟಿನಿಂದ ಇಂಟರ್‌ನೆಟ್ಟಿಗೆ ಮಾತ್ರ ದಾರಿ ಬಿಡುತ್ತದೆ. ಗಿರಾಕಿಯ ಫೋನು ಪಕ್ಕದ ಮೇಜಿನ ಫೋನನ್ನೂ ಮುಟ್ಟದಂತೆ ತಡೆಯುವ ‘ಕ್ಲೈಂಟ್ ಐಸೊಲೇಶನ್’ ಗುಂಡಿಯನ್ನೂ ಒತ್ತಿಡಬೇಕು. ನಾನು ಕೊಡುವ ಸಲಹೆ ಇದೇ. ಒಂದು ಎಚ್ಚರಿಕೆ: ಅಂಥ ರೂಟರನ್ನು ಕಂಪನಿಯ ರೂಟರಿನ ಹಿಂದೆ ‘ಆಕ್ಸೆಸ್ ಪಾಯಿಂಟ್ ಮೋಡ್’ನಲ್ಲಿ ಓಡಿಸಿದರೆ ವಿಳಾಸ ಕೊಡುವ, ದಾರಿ ಕಾಯುವ ಕೆಲಸವನ್ನು ಅದು ಬಿಟ್ಟುಕೊಡುತ್ತದೆ. ಹಲವು ಮಾದರಿಗಳಲ್ಲಿ ಆಗ ‘ಗೆಸ್ಟ್’ ಎಂಬ ಹೆಸರು ಉಳಿಯುತ್ತದೆ, ತಡೆ ಉಳಿಯುವುದಿಲ್ಲ.

ನೆಟ್‌ವರ್ಕ್ ಬೇರೆಯಾದ ಮೇಲೆ ಲಾಗಿನ್ ಪುಟವನ್ನು ಆದಷ್ಟು ಸರಳವಾಗಿಡುವುದೇ ಒಳ್ಳೆಯದು. ನೆಲಮಾಳಿಗೆಯ ಅಂಗಡಿಯಲ್ಲಿ ಸಿಗ್ನಲ್ ಸಿಗದೆ ಯುಪಿಐ ನಡೆಯದೆಂದೇ ಗಿರಾಕಿ ವೈಫೈ ಕೇಳುವುದು. ಅಲ್ಲಿ ಒಟಿಪಿ ಕೇಳಿದರೆ ಆ ಎಸ್ಸೆಮ್ಮೆಸ್ಸೂ ಬರುವುದಿಲ್ಲ. ಬಿಲ್ಲಿನ ಮೇಲೆ ಮುದ್ರಿಸಿದ ಆ ದಿನದ ಸಂಕೇತವನ್ನು ಕೇಳುವ ಪುಟ ಅಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಯಾವ ಪುಟವೂ ಯುಪಿಐ ಪಿನ್ನನ್ನೋ ಇಮೇಲಿನ ಪಾಸ್‌ವರ್ಡನ್ನೋ ಕೇಳಬಾರದು. ಸಾರ್ವಜನಿಕರಿಗೆ ದುಡ್ಡಿಗೆ ವೈಫೈ ಮಾರುವ ಇರಾದೆಯಿದ್ದರೆ ಕೇಂದ್ರ ಸಂಪುಟ 2020ರ ಡಿಸೆಂಬರಿನಲ್ಲಿ ಒಪ್ಪಿದ ಪಿಎಂ-ವಾಣಿ ಯೋಜನೆ ಇದೆ. ಅದರಲ್ಲಿ ಅಂಗಡಿಯವರಿಗೆ ಪರವಾನಗಿ ಬೇಕಿಲ್ಲ; ಬಳಕೆದಾರರ ನೋಂದಣಿಯನ್ನು ಯೋಜನೆಗೆ ಸೇರಿದ ಆ್ಯಪ್‌ನವರು ಮಾಡಿಕೊಳ್ಳುತ್ತಾರೆ.

ಬೆಳಗ್ಗೆ ಸರಿಯಿದ್ದ ವೈಫೈ ಸಂಜೆ ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎಂಬಲ್ಲೇ ನಿಂತರೆ ಪುಟವನ್ನು ದೂರಬೇಡಿ. ರೂಟರಿನ ಬಳಿ ಹಂಚಲು 150 ವಿಳಾಸಗಳಿದ್ದು, ಒಂದೊಂದನ್ನೂ 24 ಗಂಟೆ ಕಾದಿರಿಸುತ್ತಿದ್ದರೆ, 151ನೇ ಫೋನಿಗೆ ಕೊಡಲು ಏನೂ ಉಳಿದಿರುವುದಿಲ್ಲ. ಹಿಂದಿನ 150 ಮಂದಿ ಚಹಾ ಕುಡಿದು ಎಂದೋ ಹೋಗಿದ್ದರೂ ಅವರ ವಿಳಾಸ ಮೀಸಲಾಗಿಯೇ ಇರುತ್ತದೆ. ರೂಟರಿನ ಡಿಎಚ್‌ಸಿಪಿ ಪುಟದಲ್ಲಿ ‘ಲೀಸ್ ಟೈಮ್’ ಅನ್ನು ಒಂದು ಗಂಟೆಗೆ ಇಳಿಸಿದರೆ ಸಾಕು.

ನಿಜಕ್ಕೂ ಬೇರೆಯಾಗಿದೆಯೇ ಎಂದು ನೋಡಲು ಪ್ರಿಂಟರೇ ಅನುಕೂಲ. ಅದನ್ನು ಆರಿಸಿ, ಫೀಡ್ ಗುಂಡಿ ಒತ್ತಿ ಹಿಡಿದೇ ಮತ್ತೆ ಆನ್ ಮಾಡಿದರೆ ಹೆಚ್ಚಿನ ಥರ್ಮಲ್ ಪ್ರಿಂಟರುಗಳು ತಮ್ಮ ವಿಳಾಸವಿರುವ ಚೀಟಿಯನ್ನು ಉಗುಳುತ್ತವೆ. ಅಂಗಡಿಯ ವೈಫೈನಲ್ಲಿರುವ ಲ್ಯಾಪ್‌ಟಾಪಿನಿಂದ ಹೀಗೆ ಕೇಳಿ:

```
ping 192.168.1.20
```

ಉತ್ತರ ಬರಬೇಕು. ಆಮೇಲೆ ಅದೇ ಲ್ಯಾಪ್‌ಟಾಪನ್ನು ಗಿರಾಕಿಗಳ ವೈಫೈಗೆ ಸೇರಿಸಿ, ಲಾಗಿನ್ ಆಗುವ ಮೊದಲು ಒಮ್ಮೆ, ಆದ ಮೇಲೆ ಒಮ್ಮೆ ಕೇಳಿ. ಎರಡೂ ಸಲ ಉತ್ತರ ಬರಬಾರದು. ಬಿಲ್ಲಿಂಗ್ ಕಂಪ್ಯೂಟರಿಗೇ ಪಿಂಗ್ ಕಳಿಸಿ ತೃಪ್ತಿಪಡುವುದು ಬೇಡ: ಎಷ್ಟೋ ವೇಳೆ ವಿಂಡೋಸಿನ ಸ್ವಂತ ಫೈರ್‌ವಾಲ್ ಪಿಂಗಿಗೆ ಉತ್ತರ ಕೊಡದಂತೆ ತಡೆದಿರುತ್ತದೆ, ನೆಟ್‌ವರ್ಕ್ ಒಂದೇ ಆಗಿದ್ದರೂ ಅಲ್ಲಿಂದ ಉತ್ತರ ಬಾರದಿರಬಹುದು.