ವೈ-ಫೈನಲ್ಲಿ ವಿಳಾಸ ಸಿಗದ ವರ್ಚುವಲ್ ಯಂತ್ರ

ವಿಂಡೋಸ್ ಲ್ಯಾಪ್‌ಟಾಪಿನೊಳಗೆ ವರ್ಚುವಲ್‌ಬಾಕ್ಸ್ ಹಾಕಿ ಉಬುಂಟು ಕಲಿಯಲು ಹೊರಟವರು ಹಲವರು ಮುಗ್ಗರಿಸುವುದು ನೆಟ್‌ವರ್ಕಿನಲ್ಲಿ. `Bridged Adapter` ಆರಿಸಿದರೆ ಉಬುಂಟು ಮನೆಯ ರೌಟರಿಗೆ ನೇರವಾಗಿ ಸೇರಿದ ಇನ್ನೊಂದು ಕಂಪ್ಯೂಟರಿನಂತೆ ಕಾಣಬೇಕು. ಕೇಬಲ್ ಸಿಕ್ಕಿಸಿದ್ದರೆ ಹಾಗೆಯೇ ಆಗುತ್ತದೆ. ವೈ-ಫೈ ಇದ್ದಾಗ ಮಾತ್ರ ಎಷ್ಟೋ ಸಲ ಐಪಿ ವಿಳಾಸವೇ ಬರುವುದಿಲ್ಲ. ಒಳಗಿರುವುದು ವಿಂಡೋಸ್ ಆದರೆ 169.254 ಎಂದು ಶುರುವಾಗುವ, ಯಂತ್ರ ತಾನೇ ಕಟ್ಟಿಕೊಂಡ ವಿಳಾಸ ಕಾಣುತ್ತದೆ.

ಕಾರಣ ಮ್ಯಾಕ್ ವಿಳಾಸದಲ್ಲಿದೆ. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಇಂಥದೊಂದು ಗುರುತಿರುತ್ತದೆ. ವರ್ಚುವಲ್‌ಬಾಕ್ಸ್ ಉಬುಂಟುವಿಗೆ ಕೊಡುವ ಗುರುತು ಸಾಮಾನ್ಯವಾಗಿ 08:00:27 ಎಂದು ಶುರುವಾಗುತ್ತದೆ. ಬ್ರಿಜ್ ಮಾಡಿದಾಗ ಲ್ಯಾಪ್‌ಟಾಪಿನ ಒಂದೇ ಕಾರ್ಡಿನಿಂದ ಎರಡು ಗುರುತುಗಳ ಸಂದೇಶಗಳು ಹೊರಡಬೇಕು. ಕೇಬಲಿನ ಸ್ವಿಚ್ಚಿಗೆ ಇದು ದೊಡ್ಡ ಸಂಗತಿಯಲ್ಲ. ವೈ-ಫೈನಲ್ಲಿ ಪಾಸ್‌ವರ್ಡ್ ಕೊಟ್ಟು ಸೇರಿಕೊಂಡಿರುವುದು ಲ್ಯಾಪ್‌ಟಾಪಿನ ಗುರುತೊಂದೇ. ರೌಟರಿನತ್ತ ಹೊರಟ ಸಂದೇಶದಲ್ಲಿ ಸಾಮಾನ್ಯವಾಗಿ ಮೂರು ವಿಳಾಸಗಳಿಗಷ್ಟೇ ಜಾಗ: ರೌಟರಿನದು, ಕಳಿಸಿದವರದು, ಕೊನೆಗೆ ತಲುಪಬೇಕಾದವರದು. ರೇಡಿಯೋದಲ್ಲಿ ಕಳಿಸುತ್ತಿರುವುದು ಲ್ಯಾಪ್‌ಟಾಪು, ಆದರೆ ಸಂದೇಶ ಹುಟ್ಟಿದ್ದು ಉಬುಂಟುವಿನಲ್ಲಿ ಎಂದು ಬೇರೆಬೇರೆಯಾಗಿ ಬರೆಯಲು ನಾಲ್ಕನೆಯ ಜಾಗ ಬೇಕು. ಅದನ್ನು ಕೊಡುವ ವ್ಯವಸ್ಥೆಯೂ ಉಂಟು, ಆದರೆ ಕಾರ್ಡ್ ಮತ್ತು ರೌಟರ್ ಎರಡೂ ಅದಕ್ಕೆ ಒಪ್ಪಬೇಕು. ಮನೆಯ ಸಲಕರಣೆಗಳಲ್ಲಿ ಅದು ಸಿಗುವುದು ಕಡಿಮೆ.

ಇದನ್ನು ದಾಟಲು ವರ್ಚುವಲ್‌ಬಾಕ್ಸ್ ಹೊರಗೆ ಹೋಗುವ ಸಂದೇಶದ ಮೇಲೆ ಲ್ಯಾಪ್‌ಟಾಪಿನದೇ ಗುರುತು ಹಾಕುತ್ತದೆ. ಬಂದ ಉತ್ತರವನ್ನು ಐಪಿ ವಿಳಾಸ ನೋಡಿ ಉಬುಂಟುವಿಗೆ ತಿರುಗಿಸುತ್ತದೆ. ತೊಡಕು ಇಲ್ಲೇ. ವಿಳಾಸ ಬೇಡುವ ಡಿಎಚ್‌ಸಿಪಿ ಅರ್ಜಿಯ ಹೊಟ್ಟೆಯೊಳಗೆ ಉಬುಂಟುವಿನ ಸ್ವಂತ ಗುರುತು ಹಾಗೆಯೇ ಉಳಿದಿರುತ್ತದೆ. ರೌಟರ್ ಆ ಗುರುತಿಗೇ ನೇರವಾಗಿ ಉತ್ತರ ಕಳಿಸಿದರೆ, ಆ ಹೆಸರಿನವರು ವೈ-ಫೈನಲ್ಲಿ ಯಾರೂ ಇಲ್ಲದ್ದರಿಂದ ಉತ್ತರ ಕಳೆದುಹೋಗುತ್ತದೆ. ಎಲ್ಲರಿಗೂ ಕೇಳುವಂತೆ ಕಳಿಸಿದರೆ ತಲುಪುವುದುಂಟು. ಅದಕ್ಕೇ ಒಬ್ಬರ ಮನೆಯಲ್ಲಿ ನಡೆದದ್ದು ಇನ್ನೊಬ್ಬರಲ್ಲಿ ನಡೆಯುವುದಿಲ್ಲ.

ನಿಮ್ಮದೂ ಇದೇ ತೊಂದರೆಯೇ ಎಂದು ಉಬುಂಟುವಿನಲ್ಲೇ ನೋಡಬಹುದು:

```
sudo tcpdump -n -i enp0s3 port 67 or port 68
```

`Request` ಸಾಲು ಮತ್ತೆ ಮತ್ತೆ ಬಂದು `Reply` ಒಮ್ಮೆಯೂ ಬರದಿದ್ದರೆ ಉತ್ತರ ದಾರಿಯಲ್ಲೇ ನಿಂತಿದೆ. ಕೇಬಲ್ ಹಾಕಿ, ಬ್ರಿಜ್ಡ್ ಪಟ್ಟಿಯಲ್ಲಿ ಕೇಬಲಿನ ಕಾರ್ಡನ್ನೇ ಆರಿಸಿ. ಆಗ ವಿಳಾಸ ಬಂದರೆ ಅನುಮಾನ ವೈ-ಫೈ ಮೇಲೆಯೇ.

`NAT` ಆರಿಸಿದರೆ ಈ ಜಗಳವೇ ಹುಟ್ಟುವುದಿಲ್ಲ. ವಿಳಾಸ ಕೊಡುವುದು ರೌಟರಲ್ಲ, ವರ್ಚುವಲ್‌ಬಾಕ್ಸೇ. ಉಬುಂಟುವಿಗೆ ಸಾಮಾನ್ಯವಾಗಿ 10.0.2.15 ಸಿಗುತ್ತದೆ, ಹೊರದಾರಿ 10.0.2.2. ಅರ್ಜಿ, ಉತ್ತರ ಎರಡೂ ಲ್ಯಾಪ್‌ಟಾಪಿನೊಳಗೇ ಮುಗಿಯುತ್ತವೆ. ಉಬುಂಟು ಒಂದು ವೆಬ್ ಪುಟ ಕೇಳಿದರೆ ವರ್ಚುವಲ್‌ಬಾಕ್ಸ್ ಅದನ್ನು ಲ್ಯಾಪ್‌ಟಾಪಿನ ಸಾಮಾನ್ಯ ಪ್ರೋಗ್ರಾಮಿನಂತೆ ಹೊರಗಿನಿಂದ ತರಿಸಿ ಒಳಗೆ ಕೊಡುತ್ತದೆ, ಪಿಜಿಯಲ್ಲಿರುವವರ ಪಾರ್ಸೆಲ್ ಮಾಲೀಕರ ಕೇರಾಫ್‌ನಲ್ಲಿ ಬಂದಂತೆ. ರೌಟರಿಗೆ ಕಾಣುವುದು ಲ್ಯಾಪ್‌ಟಾಪ್ ಒಂದೇ.

ಇದರ ಮಿತಿ ಎಂದರೆ, ಹೊರಗಿನವರು ತಾವಾಗಿ ಉಬುಂಟುವನ್ನು ಕರೆಯಲಾರರು. ಅದರಲ್ಲಿ ಎಸ್‌ಎಸ್‌ಎಚ್ ಸರ್ವರ್ ನಡೆಸುವುದಿದ್ದರೆ `Port Forwarding` ತೆರೆದು `Host Port` 2222, `Guest Port` 22 ಎಂದು ತುಂಬಿ. ಆಮೇಲೆ ಲ್ಯಾಪ್‌ಟಾಪಿನಿಂದ `ssh -p 2222` ಎಂದು ಬರೆದು, ಉಬುಂಟುವಿನ ಬಳಕೆದಾರ ಹೆಸರಿನ ಜೊತೆ 127.0.0.1 ಕೊಟ್ಟರೆ ಒಳಗೆ ಹೋಗಬಹುದು.