ಮನೆ ಲೆಕ್ಕವಲ್ಲ, ಎಲೆ ಲೆಕ್ಕ

ಮಡಕಶಿರಾ ಸೀಮೆಯ ನಮ್ಮೂರಲ್ಲಿ ಮಗನ ಹೊಸ ಮನೆ ಗೃಹಪ್ರವೇಶಕ್ಕೆ 40 ಮನೆ ಕರೆದಿದ್ವಿ. ಮನೆಗೆ ಐದು ಎಲೆ ಅಂತ ನಾನು 200 ಬರೆದೆ. ನಮ್ಮಾಕೆ ಹೆಸರು ಹಿಡಿದು ಎಣಿಸಿದಳು: 150!

ಎಲೆಗೆ 120 ಗ್ರಾಂನಂತೆ ಅಕ್ಕಿ 18 ಕೆ.ಜಿ. ಎಲೆಗೆರಡರಂತೆ 300 ಹೋಳಿಗೆ, ಕೆ.ಜಿ. ತೊಗರಿಬೇಳೆಗೆ ಸುಮಾರು 50 ಆಗುವುದರಿಂದ ಬೇಳೆ 6 ಕೆ.ಜಿ., ಬೆಲ್ಲವೂ ಅಷ್ಟೇ. ಬೇಳೆ ಬಸಿದ ಕಟ್ಟಿನಲ್ಲೇ ಸಾರು. ಕೆ.ಜಿ.ಗೆ ಅಕ್ಕಿ 60, ಬೇಳೆ 120, ಬೆಲ್ಲ 60 ರೂಪಾಯಿಯಂತೆ ಮೂರಕ್ಕೂ 2,160. ಮೈದಾ, ಎಣ್ಣೆ, ತರಕಾರಿ ಖರ್ಚು ಬೇರೆ.

ಮೊದಲು 100 ಎಲೆಗೆ 12 ಕೆ.ಜಿ. ಅಕ್ಕಿ ಮಾತ್ರ ಬೇಯಿಸಿದ್ವಿ. ಎರಡನೇ ಪಂಕ್ತಿ ಏಳುವ ಹೊತ್ತಿಗೆ ಚಪ್ಪರದಲ್ಲಿ ಕಾದಿದ್ದವರು 33 ಜನ, 4 ಕೆ.ಜಿ. ಸಾಕಾಯ್ತು. ಉಳಿದ 2 ಕೆ.ಜಿ. ಮೂಟೆಯಲ್ಲೇ ಇತ್ತು. ಬೇಯದ ಅಕ್ಕಿ ಹಳಸೋದಿಲ್ಲ ನೋಡಿ.